ಫೆಸ್ಟ್‌ಗೆ ಸ್ಪಾನ್ಸರ್ ಬೇಕಾ? ಎಲ್ಲರನ್ನೂ ಕರೆಯಬೇಡಿ

"ನಮ್ಮ ಕಾಲೇಜ್ ಫೆಸ್ಟ್‌ಗೆ ಸ್ಪಾನ್ಸರ್ ಬೇಕು. ಊರಿನ ಎಲ್ಲ ಅಂಗಡಿಯವರನ್ನೂ ಸೆಳೆಯುವಂಥ ಕ್ಯಾಪ್ಶನ್ ಹೇಗೆ ಬರೆಯೋದು?"

ಎಲ್ಲರನ್ನೂ ಸೆಳೆಯೋಕೆ ಹೋಗಿಯೇ ಬೆಳಗಾವಿಯಲ್ಲಿ ನಾವು ಕೆಟ್ಟೆವು. "ಸ್ಪಾನ್ಸರ್ ಆಗಿ, ಸ್ಟೇಜ್ ಬ್ಯಾನರ್‌ನಲ್ಲಿ ನಿಮ್ಮ ಹೆಸರು ಬರುತ್ತೆ" ಅಂತ ಹಾಕಿದ್ದೆವು. ಹೆಸರು ಎಷ್ಟು ದೊಡ್ಡದು, ಪಕ್ಕದಲ್ಲಿ ಯಾರು ಇರ್ತಾರೆ, ಒಂದೂ ಬರೆದಿರಲಿಲ್ಲ.

ಒಬ್ಬ ಕುಂದಾ ಅಂಗಡಿಯವರು ಒಪ್ಪಿದರು. ಅರ್ಧ ಮುಂಗಡ, ಉಳಿದದ್ದು ಫೆಸ್ಟ್ ಮುಗಿದ ಮೇಲೆ. ಆಮೇಲೆ ಅದೇ ಗಲ್ಲಿಯ ಇನ್ನೊಬ್ಬ ಕುಂದಾದವರೂ ದುಡ್ಡು ಕೊಟ್ಟರು. ಬಂದ ಲಕ್ಷ್ಮಿಯನ್ನು ಬೇಡ ಅನ್ನೋದುಂಟಾ? ಡಿಸೈನ್ ಮಾಡಿದ ಹುಡುಗ ಎರಡೂ ಲೋಗೊ ಅಕ್ಕಪಕ್ಕ ಕೂರಿಸಿದ. ಉದ್ಘಾಟನೆಗೆ ಬಂದ ಮೊದಲನೆಯವರು ಸ್ಟೇಜ್ ನೋಡಿ, "ಅಲ್ಲೋ ತಮ್ಮಾ, ಅವನ ಬಾಜೂಕ ನಿಲ್ಲಾಕ ನಾ ಯಾಕ ರೊಕ್ಕ ಕೊಡ್ಲಿ?" ಅಂದರು. ಉಳಿದರ್ಧ ಬರಲೇ ಇಲ್ಲ. ಕೇಳೋಕೂ ಬಾಯಿ ಬರಲಿಲ್ಲ. ಬ್ಯಾನರ್‌ನಲ್ಲಿ ಹೆಸರು ಅಂದಿದ್ದೆವು, ಹಾಕಿದ್ದೆವು. ಆದರೆ ಕುಂದಾ ಅಂದರೆ ತಮ್ಮದೊಂದೇ ಹೆಸರು ಕಾಣುತ್ತೆ ಅಂತ ಅವರು ತಿಳಿದುಕೊಂಡಿದ್ದರು. ವ್ಯಾಪಾರಸ್ಥರು ಹಾಗೆ ತಿಳಿದುಕೊಳ್ಳೋದು ಸಹಜ ಅಲ್ವಾ?

ಮುಂದಿನ ವರ್ಷ ಹೀಗೆ ಬರೆದೆವು:

"ಒಂದು ವ್ಯಾಪಾರಕ್ಕೆ ಒಬ್ಬರೇ ಸ್ಪಾನ್ಸರ್: ಸಿಹಿ ತಿಂಡಿ, ಸೀರೆ, ಮೊಬೈಲ್, ಕೋಚಿಂಗ್.
₹10,000: ಸ್ಟೇಜ್ ಬ್ಯಾನರ್‌ನ ಮೇಲಿನ ಸಾಲಿನಲ್ಲಿ ಹೆಸರು, ಎರಡೂ ದಿನ ಮೈಕಿನಲ್ಲಿ ಘೋಷಣೆ, ಗೇಟಿನ ಹತ್ತಿರ ಒಂದು ಸ್ಟಾಲ್.
₹3,000: ಕೆಳಗಿನ ಸಾಲಿನಲ್ಲಿ ಹೆಸರು.
ಹಣ ಕಾಲೇಜ್ ಖಾತೆಗೆ, ಸೀಲ್ ಇರುವ ರಸೀದಿ ಕೊಡುತ್ತೇವೆ.
ಕೊನೆ ದಿನ: (ದಿನಾಂಕ). ಸಂಪರ್ಕ: (ವಿದ್ಯಾರ್ಥಿಯ ಹೆಸರು, ನಂಬರ್), (ಮೇಷ್ಟ್ರ ಹೆಸರು, ನಂಬರ್)."

ಮೊತ್ತ ನಿಮ್ಮ ಕಾಲೇಜಿಗೆ ತಕ್ಕಂತೆ ಬದಲಿಸಿಕೊಳ್ಳಿ. ಮೇಷ್ಟ್ರ ನಂಬರ್ ಮಾತ್ರ ಬಿಡಬೇಡಿ. ಅಂಗಡಿಯವರಿಗೆ ಪುರುಸೊತ್ತಿರೋದು ಮಧ್ಯಾಹ್ನ, ಆಗ ನೀವು ಕ್ಲಾಸಿನಲ್ಲಿರ್ತೀರಿ. ಹುಡುಗರ ಸ್ವಂತ ನಂಬರಿಗೆ ಫೋನ್‌ಪೇ ಮಾಡಿ ಅಂದರೆ ಅನುಮಾನ ಬರುತ್ತೆ. ಬ್ಯಾನರ್ ಪ್ರಿಂಟ್‌ಗೆ ಹೋಗೋ ದಿನಕ್ಕಿಂತ ನಾಲ್ಕೈದು ದಿನ ಮೊದಲೇ ಕೊನೆ ದಿನ ಇಡಿ, ಲೋಗೊ ಕಳಿಸೋದು ಎಲ್ಲರೂ ತಡ ಮಾಡ್ತಾರೆ. ಹಾಗೇ "ಫ್ಲೆಕ್ಸ್" ಅಂತ ಮಾತು ಕೊಡಬೇಡಿ. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದ ನಿಷೇಧ ಇದೆ, ಬಟ್ಟೆ ಬ್ಯಾನರ್ ಮಾಡಿಸಿ.

ಇನ್‌ಸ್ಟಾಗ್ರಾಮ್‌ನಲ್ಲಿ ಸುಮ್ನೆ ಹಾಕಿ ಕೂತರೆ ಲೈಕ್ ಕೊಡೋರು ನಿಮ್ಮ ಕ್ಲಾಸಿನವರೇ. ಬೆಳಗಾವಿಯ ಖಡೇಬಜಾರ್, ಶಹಾಪುರದಂಥ ಪೇಟೆಗಳಲ್ಲಿ ಅಂಗಡಿಗೇ ಹೋಗಿ ಮಾತಾಡಿ, ಅಲ್ಲೇ ನಿಂತು ಅವರ ವಾಟ್ಸಾಪ್‌ಗೆ ಕ್ಯಾಪ್ಶನ್ ಕಳಿಸಿ. ಅವರು ಅದನ್ನು ಮನೆಯಲ್ಲಿ ಮಗನಿಗೋ ಪಾಲುದಾರರಿಗೋ ತೋರಿಸಿಯೇ ಹೂಂ ಅನ್ನೋದು. ಒಂದು ವ್ಯಾಪಾರ ಭರ್ತಿಯಾದ ಕೂಡಲೇ ಕ್ಯಾಪ್ಶನ್ ತಿದ್ದಿ "ಸಿಹಿ ತಿಂಡಿ: ಭರ್ತಿ" ಅಂತ ಹಾಕಿ. ನಮಗೆ ಸೀರೆ ಅಂಗಡಿಯವರ ಫೋನ್ ಬಂದಿದ್ದು ಹಾಗೆ ತಿದ್ದಿದ ಮೇಲೇ.