ಲೋಗೋವನ್ನು ಫೆವಿಕಾನ್ ಮಾಡಿದಾಗ ಮಸುಕಾಗುವುದೇಕೆ?

ನಮ್ಮ ಲೋಗೋದಲ್ಲಿ ತೆರೆದ ಪುಸ್ತಕ, ಅದರ ಮೇಲೆ ಮೂರೆಲೆಯ ಸಸಿ, ಕೆಳಗೆ ಹೆಸರು ಇದೆ. ಅದನ್ನು ಬ್ರೌಸರ್ ಟ್ಯಾಬಿನ ಪುಟ್ಟ ಚಿಹ್ನೆಯಾಗಿ, ಅಂದರೆ ಫೆವಿಕಾನ್ ಆಗಿ ಮಾಡಿದರೆ ಬೂದು ಮುದ್ದೆ ಥರ ಕಾಣುತ್ತೆ. ದುಂಡಗಿನ ಪ್ರೊಫೈಲ್ ಚಿತ್ರದಲ್ಲಿ ಅಂಚು ಕತ್ತರಿಸಿ ಹೋಗುತ್ತೆ. ಏನು ಮಾಡಲಿ?

ಲೋಗೋವನ್ನು ಕುಗ್ಗಿಸಬೇಡಿ, 16×16 ಚೌಕಳಿಯ ಮೇಲೆ ಹೊಸದಾಗಿ ಬಿಡಿಸಿ. ನಾನೂ ಮೊದಮೊದಲು ಸುಮ್ನೆ ಕುಗ್ಗಿಸುತ್ತಿದ್ದೆ, ಪ್ರತಿ ಸಲವೂ ಇದೇ ಮುದ್ದೆ ಬರುತ್ತಿತ್ತು. 512 ಪಿಕ್ಸೆಲ್ ಚಿತ್ರ 16ಕ್ಕೆ ಇಳಿದಾಗ ಮೂಲದ 32 ಪಿಕ್ಸೆಲ್ ಅಗಲ ಒಂದೇ ಪಿಕ್ಸೆಲ್ ಆಗುತ್ತದೆ. ನಿಮ್ಮ ಪುಸ್ತಕದ ಗೆರೆ 10 ಪಿಕ್ಸೆಲ್ ದಪ್ಪ ಇದೆ ಅಂದುಕೊಳ್ಳಿ. ಅದು ಒಂದು ಪಿಕ್ಸೆಲ್‌ನ ಮೂರನೇ ಒಂದು ಭಾಗ ಅಷ್ಟೇ. ಪಿಕ್ಸೆಲ್‌ನಲ್ಲಿ ಅರ್ಧಂಬರ್ಧ ತುಂಬಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಇಡೀ ಪಿಕ್ಸೆಲ್‌ಗೆ ತೆಳು ಬಣ್ಣ ಬೀಳುತ್ತದೆ. ಆ ಬೂದು ಬರುವುದು ಅಲ್ಲಿಂದ.

ಮೊದಲು ಏನನ್ನು ಉಳಿಸಬೇಕು ಅಂತ ನೋಡಿ. ಪುಸ್ತಕ, ಸಸಿ ಎರಡನ್ನೂ ಬೇರೆ ಬೇರೆಯಾಗಿ ಪೂರ್ತಿ ಕಪ್ಪು ತುಂಬಿ. ಹಾಳೆಗಳ ಗೆರೆ ಹೋದರೆ ಪುಸ್ತಕ ಬರೀ ಪಟ್ಟಿಯಂತೆ ಕಾಣುತ್ತದೆ. ಸಸಿ ಆಗಲೂ ಸಸಿಯೇ. ಅದನ್ನು ಇಟ್ಟುಕೊಳ್ಳಿ. ಪುಸ್ತಕ, ಹೆಸರು ಎರಡನ್ನೂ ಬಿಡಿ. ಬಿಡಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ದೊಡ್ಡ ಲೋಗೋದಲ್ಲಿ ಅವು ಹೇಗೂ ಇರುತ್ತವೆ.

ಈಗ ಕಾಂಡ. 16 ಸರಿಸಂಖ್ಯೆ, ಆದ್ದರಿಂದ ಒಂದು ಪಿಕ್ಸೆಲ್‌ನ ಕಾಂಡ ಎಂದಿಗೂ ನಟ್ಟನಡುವೆ ಕೂರುವುದಿಲ್ಲ. 8 ಮತ್ತು 9ನೇ ಲಂಬ ಸಾಲು ಹಿಡಿದು 2 ಪಿಕ್ಸೆಲ್ ದಪ್ಪ ಇಡಿ. ಮೂರನೇ ಎಲೆಗೆ ಜಾಗವಿಲ್ಲ, ಎರಡೇ ಸಾಕು. ಎಲೆಗಳ ನಡುವೆ ಕನಿಷ್ಠ ಒಂದು ಪೂರ್ತಿ ಪಿಕ್ಸೆಲ್ ಖಾಲಿ ಬಿಡಿ, ಇಲ್ಲದಿದ್ದರೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಿನ್ನೆಲೆಗೆ ಗಟ್ಟಿ ಬಣ್ಣ ತುಂಬಿ, ಸಸಿಯನ್ನು ಬಿಳಿ ಮಾಡಿ. ಪಾರದರ್ಶಕ ಬಿಟ್ಟರೆ ಕಡು ಬಣ್ಣದ ಸಸಿ ಡಾರ್ಕ್ ಥೀಮಿನ ಟ್ಯಾಬಿನಲ್ಲಿ ಮಾಯವಾಗುತ್ತದೆ.

ಇದನ್ನು ಎಸ್‌ವಿಜಿಯಾಗಿ ಉಳಿಸುವಾಗ `viewBox="0 0 16 16"` ಇರಲಿ. 32ಕ್ಕೆ ಹಿಗ್ಗಿದರೂ ಅಂಚುಗಳು ಪಿಕ್ಸೆಲ್ ಮೇಲೇ ಕೂರುತ್ತವೆ. 32ರ ಅಳತೆಯ ಒಂದು `.ico` ಪ್ರತಿಯನ್ನೂ ಉಳಿಸಿ, ಪುಟದ `head` ಒಳಗೆ ಈ ಎರಡು ಸಾಲು ಹಾಕಿ.

```html
<link rel="icon" href="/favicon.ico" sizes="32x32">
<link rel="icon" href="/icon.svg" type="image/svg+xml">
```

ಪ್ರೊಫೈಲ್ ಚಿತ್ರಕ್ಕೆ ಇದೇ ಸಸಿ ಸಾಕು, ಅಳತೆ ಬೇರೆ. ವೃತ್ತದೊಳಗೆ ಹಿಡಿಸುವ ದೊಡ್ಡ ಚೌಕದ ಬದಿ ವ್ಯಾಸದ ಸುಮಾರು ಶೇಕಡಾ 70 ಭಾಗ ಮಾತ್ರ. 400 ಪಿಕ್ಸೆಲ್ ಚಿತ್ರದಲ್ಲಿ ಸಸಿಯನ್ನು ನಡುವಿನ 280ರ ಚೌಕದೊಳಗೆ ಇಡಿ, ಹಿನ್ನೆಲೆ ಬಣ್ಣ ನಾಲ್ಕೂ ಮೂಲೆಯವರೆಗೆ ಇರಲಿ. ನೀವೇ ಉಂಗುರ ಬಿಡಿಸಬೇಡಿ. ಕತ್ತರಿಸಿದಾಗ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಉಳಿಯುತ್ತದೆ. ಸಸಿಯ ಭಾರವೆಲ್ಲ ಮೇಲೆ ಎಲೆಗಳಲ್ಲಿದೆ. ಅಳತೆ ಪ್ರಕಾರ ನಡುವೆ ಇಟ್ಟರೆ ಮೇಲಕ್ಕೆ ಹೋದಂತೆ ಕಾಣುತ್ತದೆ, ಸ್ವಲ್ಪ ಕೆಳಗಿಳಿಸಿ.

ಝೂಮ್ ಮಾಡಿ ತೀರ್ಮಾನಿಸಬೇಡಿ. ಹತ್ತು ಟ್ಯಾಬ್ ತೆರೆದು ನಿಮ್ಮದನ್ನು ನಡುವೆ ಇಟ್ಟು ನೋಡಿ. ಪ್ರೊಫೈಲ್ ಚಿತ್ರವನ್ನು 40 ಪಿಕ್ಸೆಲ್‌ಗೆ ಇಳಿಸಿ ಫೋನಿನಲ್ಲಿ ನೋಡಿ. ಎಲೆಗಳು ಅಂಟಿಕೊಂಡಿದ್ದರೆ ಸಂದು ಇನ್ನೂ ಒಂದು ಪಿಕ್ಸೆಲ್ ಹೆಚ್ಚಿಸಿ.