ಮಗ್ ಪ್ರಿಂಟಿಂಗ್: ಮಿರರ್ ಎಲ್ಲಿ ಕೊಡಬೇಕು, ಪ್ರೆಸ್ಸಿನಲ್ಲಿ ಎಷ್ಟು ಹೊತ್ತು ಇಡಬೇಕು?

ಪ್ರಶ್ನೆ: "ಸಬ್ಲಿಮೇಷನ್ ಪ್ರಿಂಟರ್ ಮತ್ತು ಮಗ್ ಪ್ರೆಸ್ ತಗೊಂಡು ಒಂದು ತಿಂಗಳಾಯ್ತು. ಒಮ್ಮೊಮ್ಮೆ ಅಕ್ಷರ ಉಲ್ಟಾ ಬರುತ್ತೆ, ಸರಿ ಬಂದಾಗ ಬಣ್ಣ ಮಂಕು. ಎಷ್ಟು ಡಿಗ್ರಿ, ಎಷ್ಟು ಸೆಕೆಂಡ್ ಇಡಬೇಕು? ನಮ್ಮೂರು ಹೊಸನಗರ."

ಮಿರರ್ ಎರಡು ಕಡೆ ಆಗುತ್ತಿದೆ ಎಂಬುದು ನನ್ನ ಅನುಮಾನ. ತೀರ್ಥಹಳ್ಳಿಯಲ್ಲಿ ಫೋಟೋ ಮತ್ತು ಪ್ರಿಂಟಿಂಗಿನ ಸಣ್ಣ ಅಂಗಡಿ ಇಟ್ಟುಕೊಂಡಿರುವ ನಾನೂ ಮೊದಲ ವರ್ಷ ಇದೇ ತಪ್ಪನ್ನು ಮಾಡಿದ್ದೇನೆ. ಮುದ್ರಿಸಿದ ಹಾಳೆಯನ್ನು ಮಗ್ಗಿನ ಮೇಲೆ ಮುಖ ಒಳಗಾಗಿ ಸುತ್ತುವುದರಿಂದ ಎಡ ಬಲವಾಗುತ್ತದೆ, ಆದ್ದರಿಂದ ಹಾಳೆಯ ಮೇಲೆ ಚಿತ್ರ ಮೊದಲೇ ತಿರುಗಿರಬೇಕು. ಈ ತಿರುಗಿಸುವ ಕೆಲಸವನ್ನು ಡಿಸೈನ್ ಮಾಡುವಾಗಲೂ ಮಾಡಬಹುದು, ಪ್ರಿಂಟರಿನ ಡ್ರೈವರಿನಲ್ಲೂ ಮಾಡಬಹುದು. ಎರಡೂ ಕಡೆ ಮಾಡಿದರೆ ಒಂದು ಇನ್ನೊಂದನ್ನು ಅಳಿಸಿ ಹಾಳೆ ನೇರವಾಗಿ ಬರುತ್ತದೆ, ಮಗ್ ಉಲ್ಟಾ ಆಗುತ್ತದೆ. ಡ್ರೈವರಿನಲ್ಲಿ ಒಮ್ಮೆ ಕೊಟ್ಟ ಗುರುತು ಮುಂದಿನ ಕೆಲಸಕ್ಕೂ ಹಾಗೆಯೇ ಉಳಿದುಬಿಡುವುದುಂಟು. ಒಮ್ಮೊಮ್ಮೆ ಮಾತ್ರ ತಪ್ಪುವುದಕ್ಕೆ ಸಾಮಾನ್ಯವಾಗಿ ಅದೇ ಕಾರಣ.

ನನ್ನ ಸಲಹೆ ಏನೆಂದರೆ, ಡಿಸೈನ್ ಫೈಲನ್ನು ಯಾವಾಗಲೂ ನೇರವಾಗಿಯೇ ಉಳಿಸಿಕೊಂಡು, ಮಿರರನ್ನು ಡ್ರೈವರಿನಲ್ಲಿ ಮಾತ್ರ ಕೊಡಿ. ಎಪ್ಸನ್ ಇಂಕ್‌ಟ್ಯಾಂಕ್ ಪ್ರಿಂಟರುಗಳಲ್ಲಿ ಇದು ಸಾಮಾನ್ಯವಾಗಿ `More Options` ಎಂಬ ಪುಟದಲ್ಲಿ `Mirror Image` ಎಂಬ ಚೌಕವಾಗಿ ಇರುತ್ತದೆ. ಗ್ರಾಹಕರಿಗೆ ಒಪ್ಪಿಗೆಗಾಗಿ ವಾಟ್ಸ್ಯಾಪಿನಲ್ಲಿ ಕಳುಹಿಸುವ ಚಿತ್ರವೂ ಮುದ್ರಣಕ್ಕೆ ಹೋಗುವ ಫೈಲೂ ಒಂದೇ ಆಗಿರುವುದು ಇದರ ಇನ್ನೊಂದು ಅನುಕೂಲ. ಹಾಳೆ ಹೊರಬಂದ ಕೂಡಲೇ ಕನ್ನಡ ಅಕ್ಷರಗಳ ತಲೆಕಟ್ಟನ್ನು ನೋಡಿ. ನಮ್ಮ ತಲೆಕಟ್ಟಿನ ಬಾಲ ಬಲಕ್ಕೆ ಏರುತ್ತದೆ, ಸರಿಯಾಗಿ ಮಿರರ್ ಆದ ಹಾಳೆಯಲ್ಲಿ ಅದು ಎಡಕ್ಕೆ ಏರಿರಬೇಕು. ಬರೀ ಫೋಟೋ ಇರುವ ಹಾಳೆಯಲ್ಲಿ ಈ ಗುರುತು ಸಿಗುವುದಿಲ್ಲವಾದ್ದರಿಂದ, ಮಗ್ಗಿಗೆ ಸೇರದ ಅಂಚಿನಲ್ಲಿ ನಾನು ಒಂದು "ಕ" ಅಕ್ಷರವನ್ನು ಸಣ್ಣದಾಗಿ ಇಟ್ಟುಬಿಡುತ್ತೇನೆ.

ಇದಕ್ಕಿಂತ ನವಿರಾದ ಇನ್ನೊಂದು ತಪ್ಪು ಇದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಅಕ್ಷರಗಳು ಸರಿಯಾಗಿಯೇ ಇರುತ್ತವೆ. ಒಂದು ಆಷಾಢದಲ್ಲಿ ನಿವೃತ್ತರಾಗುತ್ತಿದ್ದ ಮೇಷ್ಟರೊಬ್ಬರ ಬೀಳ್ಕೊಡುಗೆಗೆಂದು 24 ಮಗ್ಗುಗಳ ಕೆಲಸ ಬಂದಿತ್ತು. ಕುಡಿಯುವವರ ಕಡೆಗೆ ಮೇಷ್ಟರ ಫೋಟೋ, ಎದುರು ಕುಳಿತವರ ಕಡೆಗೆ ಶಾಲೆಯ ಹೆಸರು ಇರಬೇಕೆಂದು ಹೇಳಿದ್ದರು. ಹಿಡಿಕೆಯನ್ನು ಬಲಗೈಯಲ್ಲಿ ಹಿಡಿದಾಗ ನಮಗೆ ಕಾಣುವುದು ಡಿಸೈನಿನ ಬಲ ಅರ್ಧ, ಎದುರಿನವರಿಗೆ ಕಾಣುವುದು ಎಡ ಅರ್ಧ. ಅದರಂತೆ ಫೋಟೋವನ್ನು ಬಲಕ್ಕೇ ಇಟ್ಟಿದ್ದೆ. ಆದರೆ ಅಂದು ಡ್ರೈವರನ್ನು ಬಿಟ್ಟು, ಫೋಟೋಶಾಪಿನಲ್ಲಿ ಒಂದೊಂದೇ ಲೇಯರನ್ನು ಆರಿಸಿ `Edit > Transform > Flip Horizontal` ಕೊಟ್ಟೆ. ಹೀಗೆ ಮಾಡಿದಾಗ ಪ್ರತಿಯೊಂದು ಲೇಯರೂ ತಾನು ಇದ್ದ ಜಾಗದಲ್ಲಿಯೇ ತಿರುಗುತ್ತದೆಯೇ ಹೊರತು ಜಾಗ ಬದಲಿಸುವುದಿಲ್ಲ. ಹಾಳೆಯನ್ನು ಮಗ್ಗಿಗೆ ಸುತ್ತಿದಾಗ ಹೆಸರು ಓದುವಂತೆಯೇ ಬಂತು, ಫೋಟೋವೂ ಚೆನ್ನಾಗಿತ್ತು, ಆದರೆ ಎರಡೂ ಅದಲುಬದಲಾಗಿದ್ದವು. ನಾಲ್ಕು ಮಗ್ ಮುಗಿದ ಮೇಲೆ ನನ್ನ ಹೆಂಡತಿ ಒಂದನ್ನು ಕಾಫಿ ಹಿಡಿಯುವ ಹಾಗೆ ಹಿಡಿದು, "ಮೇಷ್ಟ್ರು ಆಚೆ ತಿರುಗಿ ಕೂತಿದಾರಲ್ರೀ" ಎಂದಾಗಲೇ ನನಗೆ ತಿಳಿದದ್ದು. ಬಣ್ಣ ಲೇಪನದೊಳಗೆ ಇಳಿದ ಮೇಲೆ ತೆಗೆಯಲು ಬರುವುದಿಲ್ಲ, ಆ ನಾಲ್ಕೂ ಈಗ ನಮ್ಮ ಮನೆಯಲ್ಲಿವೆ. ಸಾಫ್ಟ್‌ವೇರಿನಲ್ಲಿಯೇ ತಿರುಗಿಸಬೇಕೆಂದಿದ್ದರೆ ಇಡೀ ಪುಟವನ್ನು ತಿರುಗಿಸುವ `Image > Image Rotation > Flip Canvas Horizontal` ಬಳಸಿ. ಕೋರೆಲ್ ಡ್ರಾದಲ್ಲಾದರೆ ಎಲ್ಲವನ್ನೂ ಆರಿಸಿ `Ctrl+G` ಒತ್ತಿ ಗುಂಪು ಮಾಡಿದ ಮೇಲೆ ತಿರುಗಿಸಿ.

ಹಾಳೆಯ ಅಳತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಮಾನ್ಯ 11 ಔನ್ಸ್ ಮಗ್ಗಿಗೆ ಸುಮಾರು 20 ಸೆಂ.ಮೀ. ಉದ್ದ, 9 ಸೆಂ.ಮೀ. ಎತ್ತರದ ಪಟ್ಟಿ ಸಾಕು, ಒಂದು ಎ4 ಹಾಳೆಯಲ್ಲಿ ಮೂರು ಪಟ್ಟಿ ಕೂರುತ್ತವೆ. ಹಾಳೆಯ ಹೆಚ್ಚು ಬೆಳ್ಳಗಿರುವ ಬದಿಯಲ್ಲಿಯೇ ಮುದ್ರಿಸಬೇಕು. ಮುದ್ರಿತ ಹಾಳೆಯಲ್ಲಿ ಬಣ್ಣ ಮಂಕಾಗಿ ಕಂಡರೆ ಗಾಬರಿ ಬೇಡ, ಅದು ಅರಳುವುದು ಪ್ರೆಸ್ಸಿನಲ್ಲಿಯೇ.

ಇನ್ನು ಶಾಖದ ವಿಷಯ. 180 ಡಿಗ್ರಿ ಸೆಲ್ಸಿಯಸ್ ಮತ್ತು 180 ಸೆಕೆಂಡಿನಿಂದ ಆರಂಭಿಸಿ. ಆದರೆ ಇದು ಆರಂಭದ ಅಂಕಿ ಮಾತ್ರ, ನಿಮ್ಮ ಪ್ರೆಸ್ಸಿನ ಸರಿಯಾದ ಅಂಕಿಯನ್ನು ನೀವೇ ಹುಡುಕಿಕೊಳ್ಳಬೇಕಾಗುತ್ತದೆ. ಈ ಶಾಯಿಯಲ್ಲಿರುವ ಬಣ್ಣ ಆ ಬಿಸಿಯಲ್ಲಿ ಕರಗದೆ ನೇರವಾಗಿ ಆವಿಯಾಗುತ್ತದೆ, ಮಗ್ಗಿನ ಮೇಲಿನ ಪಾಲಿಯೆಸ್ಟರ್ ಲೇಪನವೂ ಅದೇ ಬಿಸಿಯಲ್ಲಿ ಮೆತ್ತಗಾಗಿ ಆ ಆವಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಲೇಪನವಿಲ್ಲದ ಮಾಮೂಲಿ ಪಿಂಗಾಣಿ ಮಗ್ಗಿಗೆ ಬಣ್ಣ ಹಿಡಿಯದಿರುವುದು ಇದಕ್ಕೇ. ಹಾಗಾಗಿ ಬಿಸಿಯಾಗಬೇಕಾದದ್ದು ಲೇಪನ. ಪ್ರೆಸ್ಸಿನ ಪರದೆಯಲ್ಲಿ ಕಾಣುವ 180 ಎಂಬುದು ಹೀಟರಿನ ಬಿಸಿ, ಮಗ್ಗಿನದಲ್ಲ. ಪಿಂಗಾಣಿ ದಪ್ಪ, ಅದು ನಿಧಾನವಾಗಿ ಕಾಯುತ್ತದೆ.

ನಿಮ್ಮ ಯಂತ್ರದ ಟೈಮರ್ ಯಾವಾಗ ಶುರುವಾಗುತ್ತದೆ ಎಂಬುದನ್ನು ಮೊದಲು ನೋಡಿ. ಪ್ರೆಸ್ 180ಕ್ಕೆ ಬಂದ ಮೇಲೆ ತಣ್ಣನೆಯ ಮಗ್ಗನ್ನು ಇಟ್ಟು ಮುಚ್ಚಿದರೆ ಪರದೆಯ ಅಂಕಿ ಕೆಳಗಿಳಿಯುತ್ತದೆ. ಕೆಲವು ಯಂತ್ರಗಳಲ್ಲಿ ಅಂಕಿ ಮತ್ತೆ ಮೇಲೆ ಬರುವವರೆಗೆ ಟೈಮರ್ ಕಾಯುತ್ತದೆ, ಕೆಲವುಗಳಲ್ಲಿ ಮುಚ್ಚಿದ ಕ್ಷಣದಿಂದಲೇ ಓಡತೊಡಗುತ್ತದೆ. ಎರಡನೆಯ ಬಗೆಯದಾದರೆ ನಿಮ್ಮ 180 ಸೆಕೆಂಡಿನಲ್ಲಿ ಒಂದು ಪಾಲು ಮಗ್ಗನ್ನು ಕಾಯಿಸುವುದಕ್ಕೇ ಹೋಗುತ್ತದೆ. ಪರದೆ ಫ್ಯಾರನ್‌ಹೀಟಿನಲ್ಲಿ ಇಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಿ, ಅಲ್ಲಿ 180 ಎಂದರೆ ಸುಮಾರು 82 ಡಿಗ್ರಿ ಸೆಲ್ಸಿಯಸ್ ಮಾತ್ರ.

ಮತ್ತೆ ಆ ಮೇಷ್ಟರ ಮಗ್ಗುಗಳಿಗೇ ಬರುತ್ತೇನೆ. ಮಾರನೆಯ ದಿನ ಬೆಳಿಗ್ಗೆ ಜಡಿಮಳೆ. ಮಗ್ಗುಗಳ ಪೆಟ್ಟಿಗೆ ರಾತ್ರಿಯೆಲ್ಲ ಜಗಲಿಯಲ್ಲಿದ್ದು ಮುಟ್ಟಿದರೆ ಕೈ ಜುಮ್ಮೆನ್ನುವಷ್ಟು ತಣ್ಣಗಿತ್ತು. ಸ್ಟೆಬಿಲೈಸರಿನ ಮುಳ್ಳು 190 ವೋಲ್ಟ್ ತೋರಿಸುತ್ತಿತ್ತು, ಪ್ರೆಸ್ಸನ್ನು ನಾನು ಅದಕ್ಕೆ ಸೇರಿಸಿಯೂ ಇರಲಿಲ್ಲ. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಆದ್ದರಿಂದ 230ರ ಜಾಗದಲ್ಲಿ 190 ಬಂದರೆ ಮೂರರಲ್ಲಿ ಎರಡು ಪಾಲಿನಷ್ಟೇ ಶಾಖ ಹುಟ್ಟುತ್ತದೆ. ಪರದೆಯ ಅಂಕಿ ಕೊನೆಗೆ 180 ತಲುಪುತ್ತದೆ ನಿಜ, ಆದರೆ ತೆವಳುತ್ತ ತಲುಪುತ್ತದೆ. ಎಂದಿನಂತೆ 180 ಸೆಕೆಂಡಿಗೆ ತೆಗೆದ ಮೊದಲ ಮಗ್ಗಿನಲ್ಲಿ ಮೇಷ್ಟರ ಕಪ್ಪು ಕೋಟು ಬೂದಿ ಬಣ್ಣಕ್ಕಿತ್ತು. ಬಿಡಿಸಿದ ಹಾಳೆಯನ್ನು ನೋಡಿದರೆ ಕೋಟು ಇನ್ನೂ ಅಲ್ಲಿಯೇ ಗಾಢವಾಗಿ ಉಳಿದಿತ್ತು. ನಂಬಬೇಕಾದ ಸಾಕ್ಷಿ ಆ ಹಾಳೆ: ಸರಿಯಾಗಿ ಬೆಂದ ಮೇಲೆ ಅದರಲ್ಲಿ ತೆಳುವಾದ ನೆರಳಿನಂಥ ಚಿತ್ರ ಮಾತ್ರ ಉಳಿದಿರಬೇಕು.

ಅಂದು ಅಂಗಡಿಯಲ್ಲಿದ್ದ, ಸಣ್ಣಪುಟ್ಟ ದೋಷವಿರುವ ಮೂರು ಮಗ್ಗುಗಳನ್ನು ಪರೀಕ್ಷೆಗೆ ತೆಗೆದುಕೊಂಡೆ. ಕಪ್ಪು, ಕೆಂಪು, ಚರ್ಮದ ಬಣ್ಣ ಮತ್ತು ಸಣ್ಣ ಅಕ್ಷರದ ಒಂದು ಸಾಲು ಇರುವ ಒಂದೇ ಪಟ್ಟಿಯನ್ನು ಮೂರಕ್ಕೂ ಸುತ್ತಿ, ಡಿಗ್ರಿಯನ್ನು ಮುಟ್ಟದೆ ಹೊತ್ತನ್ನು ಮಾತ್ರ 195, 210, 240 ಎಂದು ಬದಲಿಸಿದೆ. ಒಂದೊಂದರ ನಡುವೆ ಪ್ರೆಸ್ಸನ್ನು ಆರಲು ಬಿಟ್ಟೆ, ಇಲ್ಲವಾದರೆ ಹೋಲಿಕೆಗೆ ಅರ್ಥವಿರುತ್ತಿರಲಿಲ್ಲ. 195ರಲ್ಲಿ ಕಪ್ಪು ಇನ್ನೂ ಸ್ವಲ್ಪ ತೆಳು. 210ರಲ್ಲಿ ಕಪ್ಪು ಕಪ್ಪಾಗಿಯೇ ಬಂದು ಅಕ್ಷರದ ಅಂಚು ಚೂಪಾಗಿತ್ತು. 240ರಲ್ಲಿ ಕಪ್ಪು ಕಂದು ಕಡೆಗೆ ಹೊರಳಿ, ಒತ್ತಕ್ಷರಗಳ ಸಂದು ತುಂಬಿಕೊಂಡು, ಹಾಳೆಯೇ ಕಂದಿ ಹೋಗಿತ್ತು. ಮಂಕಾದರೆ ಸಾಲದು, ಕಂದಾಗಿ ಅಂಚು ಹರಡಿದರೆ ಹೆಚ್ಚು. ನೀವೂ ಡಿಗ್ರಿ ಮತ್ತು ಹೊತ್ತು ಎರಡನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಒಂದೇ ಮಗ್ಗನ್ನು ಎರಡು ಸಲ ಪ್ರೆಸ್ ಮಾಡಿ ಪರೀಕ್ಷಿಸುವುದೂ ಬೇಡ, ಮೊದಲ ಚಿತ್ರಕ್ಕೆ ಎರಡನೆಯ ಸಲದ ಬಿಸಿಯೂ ಸೇರಿಬಿಡುತ್ತದೆ.

ಅಂದು 210ರಲ್ಲಿ ಕೆಲಸ ಶುರು ಮಾಡಿದರೆ ಆರನೆಯ ಮಗ್ಗಿನ ಹೊತ್ತಿಗೆ ಅಕ್ಷರದ ಅಂಚು ಮಸುಕಾಗತೊಡಗಿತು. ಸಾಲಾಗಿ ಕೆಲಸ ಮಾಡುವಾಗ ಪ್ರೆಸ್ಸಿನ ಮೈಯೆಲ್ಲ ಕಾದು ಮಗ್ ಬೇಗ ಬಿಸಿಯಾಗುತ್ತದೆ. ಅಲ್ಲಿಂದ ಮುಂದೆ 190 ಸೆಕೆಂಡಿಗೆ ಇಳಿಸಿದೆ. ಈಗ ಮಗ್ಗುಗಳನ್ನು ಹಿಂದಿನ ರಾತ್ರಿಯೇ ಒಳಗೆ ತಂದಿಡುತ್ತೇನೆ, ಮೊದಲ ಮಗ್ಗಿಗೆ ಮುಂಚೆ ಪ್ರೆಸ್ಸಿನಲ್ಲಿ ಒಂದು ಹಳೆಯ ಮಗ್ಗನ್ನಿಟ್ಟು ಐದು ನಿಮಿಷ ಕಾಯಿಸುತ್ತೇನೆ, ಪ್ರೆಸ್ಸನ್ನು ಸ್ಟೆಬಿಲೈಸರಿಗೆ ಸೇರಿಸಿದ್ದೇನೆ. ಇಷ್ಟರಿಂದ ಮೊದಲ ಮಗ್ಗಿಗೂ ಹತ್ತನೆಯದಕ್ಕೂ ಇದ್ದ ಅಂತರ ಬಹುಮಟ್ಟಿಗೆ ಹೋಗಿದೆ.

ನಮ್ಮ ಮಳೆಗಾಲದಲ್ಲಿ ಹಾಳೆಯ ತೇವವನ್ನೂ ಮರೆಯಬಾರದು. ಬಿಚ್ಚಿಟ್ಟ ಹಾಳೆ ಗಾಳಿಯ ಪಸೆಯನ್ನು ಹೀರಿಕೊಂಡಿದ್ದರೆ ಪ್ರೆಸ್ಸಿನಲ್ಲಿ ಆ ನೀರು ಹಬೆಯಾಗಿ ಬಣ್ಣವನ್ನು ಅತ್ತಿತ್ತ ತಳ್ಳುತ್ತದೆ. ಒಂದೇ ಬಣ್ಣದ ಹಿನ್ನೆಲೆಯಲ್ಲಿ ತೇಪೆತೇಪೆಯಾಗಿ ಕಂಡರೆ ಅಥವಾ ಅಕ್ಷರದ ಸುತ್ತ ಮಬ್ಬು ಹರಡಿದ್ದರೆ ಮೊದಲು ಹಾಳೆಯನ್ನು ಅನುಮಾನಿಸಿ. ನಾನು ಹಾಳೆಯ ಕಟ್ಟನ್ನು ಹಪ್ಪಳ ಇಡುವಂಥ ಬಿಗಿ ಮುಚ್ಚಳದ ದೊಡ್ಡ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಬೇಕಾದಷ್ಟನ್ನೇ ಹೊರತೆಗೆಯುತ್ತೇನೆ. ಮುದ್ರಿಸಿದ ಮೇಲೆ ಹೇರ್ ಡ್ರೈಯರಿನಿಂದ ಒಂದು ನಿಮಿಷ ಒಣಗಿಸುತ್ತೇನೆ.

ಸುತ್ತುವಾಗ ಹಾಳೆ ಮಗ್ಗಿಗೆ ಎಲ್ಲಿಯೂ ಸಡಿಲವಿರದಂತೆ ಹೀಟ್ ಟೇಪಿನಿಂದ ಅಂಟಿಸಿ, ಆದರೆ ಟೇಪು ಚಿತ್ರದ ಮೇಲೆ ಹಾಯದಿರಲಿ. ಪ್ರೆಸ್ಸಿನ ಹಿಡಿತ ಮಗ್ಗನ್ನು ಕೈಯಲ್ಲಿ ತಿರುಗಿಸಲಾಗದಷ್ಟು ಬಿಗಿಯಾಗಿದ್ದರೆ ಸಾಕು, ಅದಕ್ಕಿಂತ ಬಿಗಿದರೆ ಮಗ್ ಸೀಳುವ ಅಪಾಯವಿದೆ. ಹೊತ್ತು ಮುಗಿದ ಕೂಡಲೇ ದಪ್ಪ ಕೈಗವಸು ಹಾಕಿಕೊಂಡು ಮಗ್ಗನ್ನು ತೆಗೆದು ಹಾಳೆಯನ್ನು ಬಿಸಿಯಲ್ಲಿಯೇ ಒಂದೇ ಎಳೆತಕ್ಕೆ ಬಿಡಿಸಬೇಕು. ತಡ ಮಾಡಿದರೆ ಒಳಗಿನ ಬಿಸಿಗೆ ಬಣ್ಣ ಇನ್ನೂ ಏಳುತ್ತಲೇ ಇರುತ್ತದೆ, ಅಲುಗಿದ ಹಾಳೆಯಿಂದ ಎರಡನೆಯ ನೆರಳು ಮೂಡುತ್ತದೆ. ಬಿಡಿಸಿದ ಮಗ್ಗನ್ನು ತಣ್ಣೀರಿಗೆ ಹಾಕಬೇಡಿ, ಮಳೆಗಾಲದ ಸಿಮೆಂಟ್ ನೆಲದ ಮೇಲೂ ಇಡಬೇಡಿ. ಒಂದು ಮರದ ಹಲಗೆಯ ಮೇಲೆ ಇಟ್ಟು ತಾನಾಗಿ ಆರಲು ಬಿಡಿ.