ರಾತ್ರಿ ನಾಡಿ ಬಡಿತ ಏರಿಳಿಯುವುದು ಸ್ಲೀಪ್ ಅಪ್ನಿಯಾ ಸೂಚನೆಯೇ?

ಪ್ರಶ್ನೆ: ವಾಚ್‌ನಲ್ಲಿ ರಾತ್ರಿಯಿಡೀ ಪಲ್ಸ್ ಏರುತ್ತೆ, ಇಳಿಯುತ್ತೆ. ಗೊರಕೆಯೂ ಇದೆ. ಇದು ಸ್ಲೀಪ್ ಅಪ್ನಿಯಾನಾ?

ಉತ್ತರ: ಇರಬಹುದು. ಆದರೆ ಏರಿಳಿತ ಒಂದೇ ತಾಳದಲ್ಲಿ ಮರುಕಳಿಸುತ್ತಾ ಅಂತ ಮೊದಲು ನೋಡಿ.

ಸ್ಲೀಪ್ ಅಪ್ನಿಯಾದಲ್ಲಿ ನಿದ್ದೆಯ ನಡುವೆ ಗಂಟಲು ಮುಚ್ಚಿ ಉಸಿರು ಪದೇ ಪದೇ ನಿಲ್ಲುತ್ತದೆ. ಹಾಗೆ ನಿಂತಾಗ ಸಾಮಾನ್ಯವಾಗಿ ಬಡಿತ ನಿಧಾನವಾಗುತ್ತದೆ. ಆಮ್ಲಜನಕ ಇಳಿದಾಗ ಮೆದುಳು ಅರೆಕ್ಷಣ ಎಚ್ಚರಿಸುತ್ತದೆ, ಗಂಟಲು ತೆರೆಯುತ್ತದೆ, ಬಡಿತ ಥಟ್ಟನೆ ಜಿಗಿಯುತ್ತದೆ, ಮತ್ತೆ ನಿದ್ದೆ, ಮತ್ತೆ ಅದೇ ಕಥೆ. ಬೆಳಿಗ್ಗೆ ಇದ್ಯಾವುದೂ ನೆನಪಿರುವುದಿಲ್ಲ. ಕೆಟ್ಟ ಕನಸಿನಿಂದ ಒಮ್ಮೆ ಏರಿದರೆ ಅದು ಬೇರೆ, ಇಲ್ಲಿ ಗ್ರಾಫ್ ಗರಗಸದ ಹಲ್ಲಿನಂತೆ ಕಾಣುತ್ತದೆ.

ನಮ್ಮ ಮಾವನವರ ವಾಚ್ ಐದು ನಿಮಿಷಕ್ಕೊಮ್ಮೆ ಸರಾಸರಿ ತೋರಿಸುತ್ತಿತ್ತು, ಗೆರೆ ನೆಟ್ಟಗಿತ್ತು. ಪ್ರತಿ ಸೆಕೆಂಡ್ ದಾಖಲಿಸುವ ಆಕ್ಸಿಮೀಟರ್ ಹಾಕಿದಾಗ ಸುಮಾರು 50 ಸೆಕೆಂಡಿಗೊಮ್ಮೆ ಪಲ್ಸ್ 58ರಿಂದ 84ಕ್ಕೆ ಹೋಗಿ ಇಳಿಯುತ್ತಿತ್ತು, ಆಮ್ಲಜನಕವೂ 94ರಿಂದ 86ಕ್ಕೆ ಕುಸಿಯುತ್ತಿತ್ತು. ಗಂಟೆಗೆ 70 ಸಲ! ಎರಡೂ ಜೊತೆಗೆ ಕಂಡರೆ ಅನುಮಾನ ಗಟ್ಟಿ. ಬೆರಳಿನ ರೀಡಿಂಗ್ ಸ್ವಲ್ಪ ತಡವಾಗುವುದರಿಂದ ಆಮ್ಲಜನಕದ ತಳ ಪಲ್ಸ್ ಏರಿದ ಮೇಲೂ ಕಾಣಬಹುದು.

ಆಮ್ಲಜನಕ ಇಳಿಯದೆ ಪಲ್ಸ್ ಮಾತ್ರ ಕುಣಿದರೆ ನಿದ್ದೆಯಲ್ಲಿ ಕಾಲು ಪದೇ ಪದೇ ಜಗ್ಗುವ ತೊಂದರೆಯೂ ಇರಬಹುದು. ಬಡಿತ ನಿಧಾನಿಸುವ ಬೀಟಾ ಬ್ಲಾಕರ್ ಮಾತ್ರೆ, ಪೇಸ್‌ಮೇಕರ್, ಹಳೇ ಸಕ್ಕರೆ ಕಾಯಿಲೆ ಇದ್ದರೆ ಅಪ್ನಿಯಾ ಇದ್ದರೂ ಏರಿಳಿತ ಮಂಕಾಗಬಹುದು, ಹಾಗಾಗಿ ನೆಟ್ಟಗಿನ ಗೆರೆ ನೋಡಿ ಸುಮ್ನೆ ಸಮಾಧಾನ ಪಡಬೇಡಿ. ಗ್ರಾಫ್ ಹಿಡಿದು ಶ್ವಾಸಕೋಶ ಅಥವಾ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ, ಸ್ಲೀಪ್ ಸ್ಟಡಿ ಕೇಳಿ. ಖಚಿತವಾಗುವುದು ಅದರಲ್ಲೇ.